ತಲೆಬರಹದಿಂದ ತಲೆಯ ಟೋಪಿಗೆ

ನಮ್ಮ ಶಿವಮೊಗ್ಗದ ಕೋಟೆ ಭಾಗದಲ್ಲಿ ಕೋಟೆಯೆಂಬ ಹೆಸರೇ ಹೆಚ್ಚಾಗಿ ಉಳಿದಿದೆ, ಕೋಟೆ ಕಡಮೆ. ಶಿವಪ್ಪನಾಯಕನ ಅರಮನೆಯೆಂದು ಕರೆಯುವ ಕಟ್ಟಡವಿದೆ, ಆಂಜನೇಯನ ಗುಡಿಯಿದೆ, ಪಕ್ಕದಲ್ಲಿ ತುಂಗೆ ಹರಿಯುತ್ತಾಳೆ. ಆ ಬೀದಿಯಲ್ಲಿ ಒಂದು ಬೆಳಗ್ಗೆ ನನ್ನ ವಿದ್ಯಾರ್ಥಿಯೊಬ್ಬ ಕೈಯಲ್ಲಿ ಪತ್ರಿಕೆ ಹಿಡಿದು ಎದುರಾದ. ಈಸೂರಿನ ಹುತಾತ್ಮರ ಸ್ಮರಣೆಯ ಸುದ್ದಿ ಅದರಲ್ಲಿ ಅಚ್ಚಾಗಿತ್ತು. "ಈ ತಲೆಬರಹ ನೋಡಿದಾಗಿನಿಂದ ಒಂದು ಪದ್ಯ ತಲೆಯಲ್ಲಿ ಕೂತಿದೆ ಸಾರ್, ಬರೆದುಬಿಟ್ಟೆ" ಎಂದು ಜೇಬಿನಿಂದ ಎರಡು ಹಾಳೆ ತೆಗೆದ. ಈ ಲೇಖನ ಹುಟ್ಟಿದ್ದು ಆ ಎರಡು ಹಾಳೆಗಳಿಂದ.

ಪದ್ಯದಲ್ಲಿ ಭಾರತಮಾತೆಯಿದ್ದಳು, ಸಂಕೋಲೆಯಿತ್ತು, ನೆತ್ತರಿನ ಹೊಳೆಯಿತ್ತು, ಕೊನೆಯಲ್ಲಿ ಐದು ನಕ್ಷತ್ರಗಳಿದ್ದುವು. ಪ್ರಾಸ ತಪ್ಪಿರಲಿಲ್ಲ, ಹುಡುಗನ ಭಾವವೂ ಸುಳ್ಳಲ್ಲ. ನಾನು ಕೇಳಿದ್ದು ಒಂದೇ ಮಾತು: "ಈಸೂರು ಎಂಬ ಹೆಸರನ್ನು ಅಳಿಸಿ ಅಲ್ಲಿ ವಿದುರಾಶ್ವತ್ಥ ಎಂದು ಬರೆದರೆ ಯಾವ ಸಾಲು ಕೆಡುತ್ತದೆ?" ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದದ್ದು 1938ರಲ್ಲಿ, ಊರು ಬೇರೆ, ಕಾರಣ ಬೇರೆ, ಸತ್ತವರು ಬೇರೆ. ಹುಡುಗ ಎರಡು ಸಲ ಓದಿ ನೋಡಿ, "ಯಾವುದೂ ಕೆಡುವುದಿಲ್ಲ ಸಾರ್" ಎಂದ. ಹಾಗಾದರೆ ಅವನ ಪದ್ಯ ಈಸೂರಿಗೆ ಇನ್ನೂ ಹೋಗಿಯೇ ಇಲ್ಲ, ತಲೆಬರಹದ ಬಳಿಯೇ ನಿಂತಿದೆ ಎಂದು ಅರ್ಥ. ತಲೆಬರಹದ ಸ್ವಭಾವವೇ ಅಂಥದು. ಅದರಲ್ಲಿ ಒಂದು ಸಂಖ್ಯೆ, ಒಂದು ಕ್ರಿಯಾಪದ, ಒಂದು ಊರಿನ ಹೆಸರು ಇರುತ್ತವೆ, ಮುಖವಿರುವುದಿಲ್ಲ.

ಸುದ್ದಿಯಿಂದ ಹುಟ್ಟಿ ಮುಖದವರೆಗೆ ನಡೆದ ಕವಿತೆಗೆ ಪ್ರಸಿದ್ಧವಾದ ಉದಾಹರಣೆಯೊಂದು ಇಂಗ್ಲಿಷಿನಲ್ಲಿದೆ. 1875ರ ಡಿಸೆಂಬರಿನಲ್ಲಿ ಜರ್ಮನಿಯ ಬ್ರೆಮನ್ ಕಡೆಯಿಂದ ಅಮೆರಿಕಕ್ಕೆ ಹೊರಟ 'ಡಾಯ್ಚ್‌ಲೆಂಡ್' ಎಂಬ ಹಡಗು ಹಿಮದ ಬಿರುಗಾಳಿಗೆ ಸಿಕ್ಕಿ, ಥೇಮ್ಸ್ ನದಿಯ ಮುಖದ ಬಳಿ ಮರಳುದಿಣ್ಣೆಗೆ ಬಡಿಯಿತು. ನೆರವು ಬರುವುದರೊಳಗೆ ಒಂದು ಹಗಲು, ಒಂದು ರಾತ್ರಿ ಕಳೆಯಿತು. ಬಹಳ ಜನ ಸತ್ತರು. ಸತ್ತವರಲ್ಲಿ ತಮ್ಮ ದೇಶದ ಕಾನೂನಿನಿಂದಾಗಿ ಹೊರಬಿದ್ದಿದ್ದ ಐವರು ಕ್ರೈಸ್ತ ಸಂನ್ಯಾಸಿನಿಯರೂ ಇದ್ದರು. ವೇಲ್ಸಿನ ಒಂದು ಮಠದಲ್ಲಿ ಓದುತ್ತಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಈ ಸುದ್ದಿಯನ್ನು 'ಟೈಮ್ಸ್' ಪತ್ರಿಕೆಯಲ್ಲಿ ಓದಿದ. ವ್ರತದ ಕಾರಣ ಏಳು ವರ್ಷಗಳಿಂದ ಅವನು ಕವಿತೆ ಬರೆಯುವುದನ್ನೇ ಬಿಟ್ಟಿದ್ದ. ಇದರ ಮೇಲೆ ಯಾರಾದರೂ ಒಂದು ಪದ್ಯ ಬರೆದರೆ ಚೆನ್ನಾಗಿತ್ತು ಎಂದು ಮಠದ ಹಿರಿಯರು ಆಡಿದ ಮಾತು ಅವನಿಗೆ ಅಪ್ಪಣೆಯಾಯಿತು.

ಪತ್ರಿಕೆಯ ವರದಿ ಕಂಬಗಟ್ಟಲೆ ಇತ್ತು: ಹಡಗಿನ ದಾರಿ, ಗಾಳಿಯ ದಿಕ್ಕು, ಮುರಿದ ಯಂತ್ರ, ತಡವಾಗಿ ಬಂದ ನೆರವು. ಅದರ ನಡುವೆ, ಆ ಸಂನ್ಯಾಸಿನಿಯರ ಪೈಕಿ ಆರಡಿ ಎತ್ತರದ ಒಬ್ಬಾಕೆ ಕೊನೆಯವರೆಗೂ ಕ್ರಿಸ್ತನನ್ನು ಗಟ್ಟಿಯಾಗಿ ಕರೆಯುತ್ತಿದ್ದಳೆಂಬ ಒಂದು ವಾಕ್ಯವಿತ್ತು. ವರದಿಗಾರನಿಗೆ ಅದು ದುರಂತದ ಅನೇಕ ವಿವರಗಳಲ್ಲಿ ಒಂದು. ಕವಿಗೆ ಅದೇ ಬಾಗಿಲು. ಮೂವತ್ತೈದು ಪದ್ಯಗಳ ಆ ಕವನದಲ್ಲಿ ಹಡಗು ಕಾಣಿಸುವುದೇ ಹನ್ನೆರಡನೆಯ ಪದ್ಯದಲ್ಲಿ. ಅಲ್ಲಿಂದ ಮುಂದೆ ಕವಿತೆ ಗುಂಪಿನಿಂದ ಆ ಎತ್ತರದ ಹೆಂಗಸಿನ ಕಡೆಗೆ ನಡೆದು, ಆ ಕೂಗಿನ ಅರ್ಥವೇನು, ಅವಳು ಬೇಡಿದ್ದು ಪ್ರಾಣವನ್ನೋ, ಸಾವನ್ನೋ, ಬೇರೊಂದನ್ನೋ ಎಂದು ಬಗೆಬಗೆಯಾಗಿ ಕೇಳುತ್ತ ಹೋಗುತ್ತದೆ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಆ ಕೂಗನ್ನು ಕವಿ ಕಲ್ಪಿಸಲಿಲ್ಲ. ಅದು ವರದಿಯಲ್ಲೇ ಇತ್ತು. ಅವನು ಕೂಡಿಸಿದ್ದು ಪ್ರಶ್ನೆಯನ್ನು. ಹಾಪ್ಕಿನ್ಸ್ ಕಳುಹಿಸಿದ ಮಾಸಪತ್ರಿಕೆ ಇದನ್ನು ಅಚ್ಚು ಹಾಕಲಿಲ್ಲ. ಅವನು 1889ರಲ್ಲಿ ತೀರಿಕೊಂಡ. ಕವನ ಬೆಳಕು ಕಂಡದ್ದು 1918ರಲ್ಲಿ.

ಅದಂತಿರಲಿ, ನಮ್ಮ ಜಿಲ್ಲೆಗೆ ಬರೋಣ. ಈಸೂರು ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರ 'ಕ್ವಿಟ್ ಇಂಡಿಯಾ' ಕಾಲದಲ್ಲಿ ಊರಿನವರು ಕಂದಾಯ ಕೊಡುವುದಿಲ್ಲವೆಂದರು, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿಸಿದರು, ತಮ್ಮದೇ ಸರಕಾರವೆಂದು ಸಾರಿದರು. ಆ ಸರಕಾರಕ್ಕೆ ಅಮಲ್ದಾರನಾದವನು ಜಯಣ್ಣನೆಂಬ ಹುಡುಗ, ಸಬ್‌ಇನ್‌ಸ್ಪೆಕ್ಟರನಾದವನು ಮಲ್ಲಪ್ಪನೆಂಬ ಇನ್ನೊಬ್ಬ ಹುಡುಗ. ಹುಡುಗರನ್ನು ಹಿಡಿದು ಜೈಲಿಗೆ ಹಾಕಲಾರರೆಂಬ ಲೆಕ್ಕಾಚಾರ ಹಿರಿಯರದು. 'ಏಸೂರ ಕೊಟ್ಟರೂ ಈಸೂರ ಕೊಡೆವು' ಎಂಬ ಘೋಷಣೆ ಹುಟ್ಟಿದ್ದು ಆಗಲೇ. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ್ ಚೆನ್ನಕೃಷ್ಣಪ್ಪನವರೂ ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೋಲೀಸರೊಡನೆ ಊರಿಗೆ ಬಂದರು. ಈ ಊರಿಗೆ ಬಂದ ಮೇಲೆ ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಅವರನ್ನು ಒತ್ತಾಯಿಸಿದರೆಂದು ಇಂದಿಗೂ ಹೇಳುತ್ತಾರೆ. ಮಾತಿಗೆ ಮಾತು ಬೆಳೆಯಿತು, ಲಾಠಿ ಬಿತ್ತು, ಗುಂಡು ಹಾರಿತು, ಗುಂಪು ಕೆರಳಿತು. ಇಬ್ಬರು ಅಧಿಕಾರಿಗಳೂ ಅಲ್ಲೇ ಸತ್ತರು. ಆಮೇಲೆ ಪಡೆ ಬಂತು; ಜನ ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು.

ಇಷ್ಟನ್ನು ಹುಡುಗನಿಗೆ ಹೇಳಿ, "ಇದರಲ್ಲಿ ಒಂದೇ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಬಾ" ಎಂದೆ. ಮಾರನೆಯ ವಾರ ಬಾವುಟ ಹಿಡಿದು ಬಂದ. ಬಾವುಟ ಒಳ್ಳೆಯದೇ; ಆದರೆ ಅದು ಸಾವಿರ ಊರುಗಳಲ್ಲಿ ಏರಿತ್ತು, ಅದರ ಅರ್ಥವೂ ಮೊದಲೇ ಗೊತ್ತಿರುವಂಥದು. ಆಮೇಲೆ ನೇಣಿನ ಹಗ್ಗ ಹಿಡಿದು ಬಂದ. ಹಗ್ಗ ಬಂದ ಕೂಡಲೇ ಓದುಗ ಅಳಬೇಕೆಂಬ ಅಪ್ಪಣೆಯೂ ಅದರ ಜೊತೆಗೇ ಬರುತ್ತದೆ. ಮೂರನೆಯ ಸಲ ಒಬ್ಬ ತಾಯಿಯ ಕಣ್ಣೀರು ತಂದ. ಆ ತಾಯಿ ಯಾರು ಎಂದರೆ ಉತ್ತರವಿಲ್ಲ. ಅವಳನ್ನು ಅವನೇ ಮಾಡಿಕೊಂಡಿದ್ದ. ನಿಜವಾಗಿ ಸತ್ತವರ ಮನೆಗೆ ನಾವು ಕಲ್ಪಿಸಿದ ಕಣ್ಣೀರನ್ನು ಕಳುಹಿಸುವುದು ಸೌಜನ್ಯವಲ್ಲ. ನಾಲ್ಕನೆಯ ಸಲ ಬಂದವನು ಮೆಲ್ಲಗೆ, "ಟೋಪಿ ಸಾರ್" ಎಂದ.

ಟೋಪಿಯೇ ಏಕೆ? ಖಾದಿ ಟೋಪಿಗೆ ತೂಕವೇ ಇಲ್ಲ. ಮಡಿಸಿದರೆ ಅಂಗೈಯಗಲದ ಬಟ್ಟೆ, ಜೇಬಿನಲ್ಲಿ ಹಿಡಿಯುತ್ತದೆ. ಯಾರದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು; ಹುಡುಗ ಅಮಲ್ದಾರನ ತಲೆಗೂ ಅದೇ, ದೊಡ್ಡ ಅಮಲ್ದಾರರ ತಲೆಗೂ ಅದೇ. ಇನ್ನೊಂದು ಕಡೆ, ಆ ಕಾಲದ ಮೈಸೂರು ಸರಕಾರದ ಅಧಿಕಾರಿಗೆ ತಲೆಯುಡುಗೆಯೆಂದರೆ ಅಧಿಕಾರವೇ. ಪೇಟ ತೆಗೆಯದೆ ಟೋಪಿ ಹಾಕಲು ಬರುವುದಿಲ್ಲ. ಹೀಗಾಗಿ ಇಡೀ ಜಗಳ, ಎರಡು ಸರಕಾರಗಳ ಜಗಳ, ಒಂದು ಗೇಣು ಬಟ್ಟೆಗೆ ಇಳಿದು ಬಂತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಟೋಪಿ ಅಹಿಂಸೆಯ ಗುರುತು. ಅದನ್ನು ಒತ್ತಾಯದಿಂದ ಹಾಕಿಸಹೊರಟ ಗಳಿಗೆಯಲ್ಲೇ ಅದು ಬೇರೆಯಾಯಿತು. ಕೆಲವು ನಿಮಿಷಗಳಲ್ಲಿ ಇಬ್ಬರು ಸತ್ತರು, ಕೆಲವು ತಿಂಗಳಲ್ಲಿ ಐವರು. ಹುಡುಗನ ಮೊದಲ ಪದ್ಯದಲ್ಲಿ ಐವರಿದ್ದರು, ಆ ಇಬ್ಬರು ಇರಲಿಲ್ಲ. ಬಾವುಟದಲ್ಲಾಗಲಿ ಹಗ್ಗದಲ್ಲಾಗಲಿ ಅವರಿಗೆ ಜಾಗವಿರಲಿಲ್ಲ. ಟೋಪಿ ಬಂದಾಗ ಏಳು ಜನವೂ ಬಂದರು. ಒಳ್ಳೆಯ ವಿವರದ ಗುರುತು ಇದು: ನಾವು ಬಿಟ್ಟಿದ್ದನ್ನು ಅದು ತಾನೇ ಒಳಕ್ಕೆ ಕರೆತರುತ್ತದೆ.

ಇಲ್ಲಿ ಹುಡುಗ ತಡೆದ. "ಹಾಗೆ ಬರೆದರೆ ಹುತಾತ್ಮರಿಗೆ ಅಗೌರವವಾಗುವುದಿಲ್ಲವೇ ಸಾರ್? ಈಸೂರಿನವರು ಓದಿದರೆ ಏನೆಂದುಕೊಂಡಾರು?" ಸುಲಭದ ಪ್ರಶ್ನೆಯಲ್ಲ. ಗಲ್ಲಿಗೇರಿದವರು ನಮ್ಮ ಸ್ವಾತಂತ್ರ್ಯಕ್ಕಾಗಿ ಏರಿದವರು. ಇಂದು ನಾವು ಕೋಟೆ ಬೀದಿಯಲ್ಲಿ ನಿಂತು ಕಾವ್ಯನ್ಯಾಯ ಹೇಳುವುದು ಅಗ್ಗದ ಧೈರ್ಯ. ನಾನು ಹೇಳಿದ್ದಿಷ್ಟೆ: ತೀರ್ಪು ಬೇಡ. ಯಾರದು ತಪ್ಪೆಂದು ಟೋಪಿ ಹೇಳುವುದಿಲ್ಲ, ನೀನೂ ಹೇಳಬೇಡ. ಅಮಲ್ದಾರರ ಬಾಯಿಗೆ ಮಾತು ಹಾಕಬೇಡ, ಗುರಪ್ಪನ ಬಾಯಿಗೂ ಹಾಕಬೇಡ. ನಮಗೆ ಬಂದ ಸಂಗತಿಗಳಲ್ಲಿ ಇಲ್ಲದ್ದನ್ನು ಅವರು ಆಡಿದರೆಂದು ಬರೆದರೆ ಪದ್ಯವೇ ಸುಳ್ಳು ಸಾಕ್ಷಿಯಾಗುತ್ತದೆ. ಹಾಪ್ಕಿನ್ಸ್ ಮಾಡಿದಂತೆ ಪ್ರಶ್ನೆ ಕೇಳಬಹುದು. ನೆಲಕ್ಕೆ ಬಿದ್ದ ಟೋಪಿಯನ್ನು ಆಮೇಲೆ ಯಾರು ಎತ್ತಿಕೊಂಡರು ಎಂದು ಕೇಳು, ಕೇಳಿ ಸುಮ್ಮನಿರು.

ಹುಡುಗ ಎರಡು ಹಾಳೆಯ ಪದ್ಯವನ್ನು ಹದಿನಾಲ್ಕು ಸಾಲಿಗೆ ಇಳಿಸಿದ. ಮೊದಲ ನಾಲ್ಕು ಸಾಲು ಬೆಳಗಿನ ಪತ್ರಿಕೆ ಮತ್ತು ತಲೆಬರಹ. ಆಮೇಲೆ ಊರಿನ ಬಾಗಿಲು, ಗುಡಿ, ಬಂದವರು. ಎಂಟನೆಯ ಸಾಲಿಗೆ ಟೋಪಿ ಬಂತು. ಅಲ್ಲಿಂದ ಮುಂದೆ ಸ್ವಾತಂತ್ರ್ಯ, ತ್ಯಾಗ, ನೆತ್ತರು ಎಂಬ ಮಾತುಗಳಿಲ್ಲ. ಕೊನೆಯಲ್ಲಿ ಮಾತ್ರ ಒಂದು ಎಡವಟ್ಟು ಮಾಡಿದ್ದ: 'ಈ ಟೋಪಿಯೇ ನಮ್ಮ ದೇಶದ ಕತೆ' ಎಂದು ಅರ್ಥ ಬಿಡಿಸಿದ್ದ. ಹೊಸಬರೆಲ್ಲ ಜಾರುವ ಸ್ಥಳ ಇದು. ವಿವರ ತನ್ನ ಕೆಲಸ ಮಾಡಿತೋ ಇಲ್ಲವೋ ಎಂಬ ಅಳುಕಿನಿಂದ ಕವಿ ಮತ್ತೆ ತಲೆಬರಹಕ್ಕೆ ಓಡಿಬರುತ್ತಾನೆ. ಆ ಸಾಲನ್ನು ಬೆರಳಿನಿಂದ ಮುಚ್ಚಿ ಓದಿಸಿದೆ. ಅದಿಲ್ಲದೆ ಪದ್ಯ ನಿಂತಿತು.

ಪದ್ಯದಿಂದ ಎಲ್ಲವೂ ಆಗುವುದಿಲ್ಲ. ಕಂದಾಯದ ವಿಚಾರ, ಮೊಕದ್ದಮೆಯ ನಡೆ, ಕಾಡು ಸೇರಿದವರ ಪಾಡು ಇವೆಲ್ಲ ಹದಿನಾಲ್ಕು ಸಾಲಿಗೆ ಸಿಕ್ಕುವಂಥವಲ್ಲ; ಅದಕ್ಕೆ ಇತಿಹಾಸಕಾರನೇ ಬೇಕು. ಟೋಪಿಯೊಂದನ್ನೇ ನೋಡಿದ ಓದುಗ ಈಸೂರನ್ನು ಪೂರ್ತಿ ಅರಿತೆನೆಂದುಕೊಂಡರೆ ತಪ್ಪು.

ಹುಡುಗ ಆ ಪದ್ಯವನ್ನು ಯಾವ ಪತ್ರಿಕೆಗೂ ಕಳುಹಿಸಲಿಲ್ಲ. ಮೊದಲು ಈಸೂರಿಗೆ ಹೋಗಿ ಅಲ್ಲಿಯವರ ಎದುರಿಗೆ ಓದುತ್ತೇನೆ, ಅವರು ಒಪ್ಪಿದರೆ ಆಮೇಲೆ ಅಚ್ಚಿನ ಮಾತು ಎಂದ. ಶಿಕಾರಿಪುರದ ಬಸ್ಸು ಹತ್ತುವಾಗ ಹಾಳೆಯನ್ನು ಅಂಗೈಯಗಲಕ್ಕೆ ಮಡಿಸಿ ಜೇಬಿನಲ್ಲಿಟ್ಟುಕೊಂಡ.