ಡ್ರಮ್ಮಿನಿಂದ ಕಾವಿನವರೆಗೆ

ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬರುವವರಿಗೂ, ಅರ್ಜಿ ಹಿಡಿದು ಅಫಜಲಪುರಕ್ಕೆ ಹೊರಟ ರೈತರಿಗೂ ಪ್ರಿಂಟ್ ತೆಗೆದುಕೊಡುತ್ತ ನನಗೆ ಇಪ್ಪತ್ತು ವರ್ಷ ದಾಟಿದೆ. ಲೇಸರ್ ಕಿರಣ ಕಾಗದದ ಮೇಲೆ ಅಕ್ಷರ ಸುಡುತ್ತದೆ ಎಂಬ ಮಾತನ್ನು ಇಂದಿಗೂ ಕೇಳುತ್ತೇನೆ. ಪುಟ ಬಿಸಿಬಿಸಿಯಾಗಿ ಹೊರಬರುವುದರಿಂದ ಹಾಗೆನಿಸುವುದು ಸಹಜ. ಆದರೆ ಲೇಸರ್ ಕಾಗದವನ್ನು ಮುಟ್ಟುವುದೇ ಇಲ್ಲ. ಕಾವು ಬರುವುದು ಕೊನೆಯ ಹಂತದಲ್ಲಿ, ಬೇರೊಂದು ಭಾಗದಿಂದ. ಈ ಯಂತ್ರದ ಬಗ್ಗೆ ಬರೆಯುವವರು ಲೇಸರನ್ನು ಹೊಗಳಿ ಆ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಮೂಲ ಉಪಾಯ ಲೇಸರಿಗಿಂತ ಹಳೆಯದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಅದಕ್ಕೆ ವಿದ್ಯುದಾವೇಶ ಕೊಟ್ಟರು. ಆ ದಿನಾಂಕ ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟು, ಪುಡಿ ಉದುರಿಸಿ, ಮೇಣದ ಕಾಗದಕ್ಕೆ ಒತ್ತಿ, ಬಿಸಿಮಾಡಿದರು. ಇಂದಿನ ಎಲ್ಲ ಹಂತಗಳೂ ಆ ಕೋಣೆಯಲ್ಲೇ ಇದ್ದವು. 1959ರಲ್ಲಿ ಝೆರಾಕ್ಸ್ 914 ಬಂತು. ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ 1971ರ ಹೊತ್ತಿಗೆ ಗಾಜಿನ ಮೇಲಿಟ್ಟ ಮೂಲಪ್ರತಿಯ ಜಾಗಕ್ಕೆ ಕಂಪ್ಯೂಟರ್ ನಡೆಸುವ ಲೇಸರನ್ನು ತಂದರು. 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಮೇಜಿನ ಮೇಲೆ ಕೂತಿತು. ಒಳಗಿನ ಯಂತ್ರ ಕೆನಾನ್‌ನದು. ಡ್ರಮ್ಮೂ ಟೋನರೂ ಒಂದೇ ಡಬ್ಬಿಯಲ್ಲಿ. ನಮ್ಮಂಥ ಊರಿಗೆ ಲೇಸರ್ ಪ್ರಿಂಟರ್ ಬರಲು ಸಾಧ್ಯವಾದದ್ದು ಆ ಡಬ್ಬಿಯಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ತಲೆಮಾರು ಕೈಯಾಡಿಸಿ ಕಲಿತದ್ದು ಆ ಡಬ್ಬಿಯ ಮುಂದಿನ ರೂಪಗಳಲ್ಲಿ. ಮೊದಲಿನ ಯಂತ್ರಗಳಲ್ಲಿ ಡ್ರಮ್ಮಿಗೆ ಆವೇಶ ಕೊಡಲು ಸಾವಿರಾರು ವೋಲ್ಟಿನ ತೆಳು ತಂತಿಯಿರುತ್ತಿತ್ತು, ಓಝೋನಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಆ ತಂತಿಯ ಜಾಗಕ್ಕೆ ಮೆತ್ತನೆಯ ಕರಿ ರಬ್ಬರ್ ರೋಲರ್ ಬಂತು. ಅದು ಡ್ರಮ್ಮಿಗೆ ತಾಗಿ ಉರುಳುತ್ತ ಮೈತುಂಬ ಸುಮಾರು 600 ವೋಲ್ಟಿನ ಋಣ ಆವೇಶ ಹರಡುತ್ತದೆ. ಲೇಸರ್ ಬಿದ್ದ ಚುಕ್ಕೆಯಲ್ಲಿ ಆವೇಶ ಸೋರಿ ಸುಮಾರು 100ಕ್ಕೆ ಇಳಿಯುತ್ತದೆ. ಅಂದರೆ ಅಕ್ಷರವಿರಬೇಕಾದ ಕಡೆ ಆವೇಶವನ್ನು ಅಳಿಸುವುದಷ್ಟೇ ಲೇಸರಿನ ಕೆಲಸ. ಟೋನರ್ ಪುಡಿಗೂ ಋಣ ಆವೇಶವೇ ಇರುವುದರಿಂದ, ಅಳಿಸದ ಜಾಗ ಅದನ್ನು ದೂರ ತಳ್ಳುತ್ತದೆ, ಅಳಿಸಿದ ಚುಕ್ಕೆಯ ಮೇಲೆ ಅದು ಕೂರುತ್ತದೆ. ಕಾಗದದ ಕೆಳಗಿನ ಇನ್ನೊಂದು ರೋಲರಿನ ಧನ ಆವೇಶ ಆ ಪುಡಿಯನ್ನು ಕಾಗದಕ್ಕೆ ಎಳೆಯುತ್ತದೆ. ಡ್ರಮ್ಮಿನಲ್ಲಿ ಉಳಿದದ್ದನ್ನು ಬ್ಲೇಡು ಕೆರೆಯುತ್ತದೆ.

ಇಲ್ಲಿಯವರೆಗೆ ಕಾಗದದ ಮೇಲಿರುವುದು ರಂಗೋಲಿಯಂಥ ಪುಡಿ, ಊದಿದರೆ ಹಾರುತ್ತದೆ. ಟೋನರ್ ಮುಖ್ಯವಾಗಿ ಪ್ಲಾಸ್ಟಿಕ್. ಫ್ಯೂಸರಿನಲ್ಲಿ 200 ಡಿಗ್ರಿಯ ಆಸುಪಾಸಿನ ಶಾಖಕ್ಕೆ ಕರಗಿ, ರೋಲರಿನ ಒತ್ತಡಕ್ಕೆ ಕಾಗದದ ನಾರಿಗೆ ಇಳಿದಾಗಲೇ ಅದು ಅಕ್ಷರ. ಹಿಂದೆ ದಪ್ಪ ಲೋಹದ ರೋಲರನ್ನು ದೀಪದಿಂದ ಕಾಯಿಸುತ್ತಿದ್ದರು, ಬಿಸಿಯೇರುವವರೆಗೆ ಗಿರಾಕಿ ಕಾಯಬೇಕು. ಈಗ ಸೆರಾಮಿಕ್ ಪಟ್ಟಿಯ ಮೇಲೆ ತೆಳು ಫಿಲ್ಮಿನ ಕೊಳವೆ ತಿರುಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಸಿದ್ಧ. ಇಡೀ ಯಂತ್ರದಲ್ಲಿ ನನಗೆ ಅತಿ ಜಾಣತನದ್ದು ಅನಿಸುವುದು ಇದೇ. ಮಿತಿಯೂ ಅಲ್ಲೇ ಇದೆ: ತೆಳು ಫಿಲ್ಮು ಕಾವನ್ನು ಕೂಡಿಟ್ಟುಕೊಳ್ಳುವುದಿಲ್ಲ.

ಒಂದು ಜನವರಿ ಬೆಳಿಗ್ಗೆ ಸೊಲ್ಲಾಪುರದ ಕಡೆಯವರೊಬ್ಬರು ಪಾರಾಯಣಕ್ಕೆಂದು ದಪ್ಪ ಹಾಳೆ ತಂದು ನಲವತ್ತು ಪುಟ ಹೊಡೆಸಿದರು. ಹೆಬ್ಬೆರಳು ಆಡಿಸಿದರೆ ಅಕ್ಷರ ಕೈಗೆ ಬರುತ್ತಿತ್ತು. “ಟೋನರ್ ಖೊಟ್ಟಿ ಅದ ನೋಡ್ರಿ,” ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ. ರೀಫಿಲ್ ಮಾಡುವವರೂ ಹಾಗೇ ಹೇಳಿ ಡಬ್ಬಿ ಬದಲಿಸುತ್ತಾರೆ. ನಾನು ಒಂದು ಹಾಳೆ ಅರ್ಧ ಹೋಗುವಾಗ ಮುಚ್ಚಳ ತೆಗೆದೆ. ಫ್ಯೂಸರ್ ತಲುಪದ ಭಾಗದಲ್ಲಿ ಅಕ್ಷರ ಕಪ್ಪಗೆ, ಅಂಚು ಚೂಪಾಗಿ ನಿಂತಿತ್ತು. ಆವೇಶ, ಲೇಸರ್, ಟೋನರ್, ವರ್ಗಾವಣೆ ಎಲ್ಲ ಸರಿಯಿದ್ದವು. ದೋಷ ಕಾವಿನದು. ಫಿಲ್ಮು ಹರಿದಿದ್ದರೆ ಪುಟದಲ್ಲಿ ಒಂದೇ ಅಂತರಕ್ಕೆ ಮರುಕಳಿಸುವ ತೇಪೆ ಕಾಣಬೇಕಿತ್ತು, ಇಲ್ಲಿ ಪುಟವೆಲ್ಲ ಒಂದೇ ಸಮ ಸಡಿಲು. ಮೊದಲ ಹಾಳೆಗಳು ಹೆಚ್ಚು ಸಡಿಲ, ಕೊನೆಯವು ಕೊಂಚ ಗಟ್ಟಿ: ಕೆಳಗಿನ ಒತ್ತಡದ ರೋಲರ್ ನಿಧಾನವಾಗಿ ಬಿಸಿಯಾಗುತ್ತಿತ್ತು. ತಣ್ಣಗಿನ ಯಂತ್ರದಲ್ಲಿ ದಪ್ಪ ಹಾಳೆ ಕಾವನ್ನೆಲ್ಲ ತಾನೇ ಕುಡಿದಿತ್ತು, ಕಂಪ್ಯೂಟರಿಗೆ ಮಾತ್ರ ನಾವು ಸಾದಾ ಕಾಗದ ಎಂದು ಹೇಳಿದ್ದೆವು.

ಸೆಟ್ಟಿಂಗಿನಲ್ಲಿ ದಪ್ಪ ಕಾಗದ ಆರಿಸಿದೆ. ಹಾಗೆ ಮಾಡಿದರೆ ಫ್ಯೂಸರಿನ ಶಾಖ ಏರುತ್ತದೆ. ಐದಾರು ರದ್ದಿ ಹಾಳೆ ಓಡಿಸಿ ಮತ್ತೆ ಹೊಡೆದೆ.

ಕನ್ನಡ ಕಂಪ್ಯೂಟರಿನ ಕತೆ ಹೇಳುವಾಗ ನಾವು ಬರಹ, ನುಡಿ, ಕೀಲಿಮಣೆ ಎಂದು ಬರೆಯುತ್ತ ಬಂದಿದ್ದೇವೆ. ಒತ್ತಕ್ಷರದ ಸಣ್ಣ ಕೊಂಡಿ ಕಾಗದದ ಮೇಲೆ ಉಳಿಯುವುದೋ ಉದುರುವುದೋ ಎಂಬುದನ್ನು ಫಾಂಟ್ ಒಂದೇ ತೀರ್ಮಾನಿಸುವುದಿಲ್ಲ. ಆ ಯಾತ್ರಿಕರ ಮೊದಲ ಕಟ್ಟನ್ನು ನಾನು ಎಸೆಯಲಿಲ್ಲ. ರಿಪೇರಿ ಕಲಿಯಲು ಬರುವ ಹುಡುಗರಿಗೆ ಮೊದಲು ಅದರ ಮೇಲೆ ಹೆಬ್ಬೆರಳು ಆಡಿಸಲು ಹೇಳುತ್ತೇನೆ.