ಒಂದೇ ಗಾಡಿ, ಎರಡು ಲಾಂಛನ: ಸರ್ವೀಸು ಯಾವುದಕ್ಕೆ ಸಲೀಸು?

ದುಮ್ಮವಾಡದಂಥ ಊರಿನಿಂದ ಕಾರು ಕೊಳ್ಳಲು ಹುಬ್ಬಳ್ಳಿಗೆ ಹೋದವರ ಮುಂದೆ ಈಗ ವಿಚಿತ್ರ ಆಯ್ಕೆಯೊಂದಿದೆ. ಮಾರುತಿ ಶೋರೂಮಿನ ಬಲೆನೊ ಮತ್ತು ಟೊಯೊಟಾ ಶೋರೂಮಿನ ಗ್ಲಾಂಝಾ ಗುಜರಾತಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅವಳಿಗಳು. ಎಂಜಿನ್, ಗೇರ್‌ಬಾಕ್ಸ್, ಬಾಗಿಲು ಎಲ್ಲವೂ ಸುಜುಕಿಯವು. ಹಾಗಿದ್ದರೂ ಕೊಂಡ ಮೇಲಿನ ಅನುಭವ ಒಂದೇ ಆಗಿರಬೇಕೆಂದಿಲ್ಲ.

ಇಂಥ ಜೋಡಿಗಳ ಕಷ್ಟಸುಖ ಭಾರತದಲ್ಲಿ ಚೆನ್ನಾಗಿ ತಿಳಿದದ್ದು ಚೆನ್ನೈ ಸಮೀಪದ ಒರಗಡಂನಿಂದ. ಅಲ್ಲಿನ ರೆನೊ-ನಿಸಾನ್ ಕಾರ್ಖಾನೆಯಲ್ಲಿ ನಿಸಾನ್ ಮೈಕ್ರಾಕ್ಕೆ ಬೇರೆ ಮುಖ ಜೋಡಿಸಿ 2012ರಲ್ಲಿ ರೆನೊ ಪಲ್ಸ್ ತಂದರು. ಅದೇ ವರ್ಷ ನಿಸಾನ್ ಸನ್ನಿ ರೆನೊ ಸ್ಕಾಲಾ ಆಯಿತು. 2013ರಲ್ಲಿ ಲೆಕ್ಕ ತಿರುಗಿ, ರೆನೊ ಡಸ್ಟರ್ ನಿಸಾನ್ ಟೆರಾನೊ ಎನಿಸಿಕೊಂಡಿತು. ಪಲ್ಸ್, ಸ್ಕಾಲಾ ಎರಡೂ ಹೆಚ್ಚು ಓಡಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರಾಟ ನಿಂತಿತು. ಆದರೆ ಪಲ್ಸ್‌ನ 1.5 ಲೀಟರ್ ಡೀಸೆಲ್ ಎಂಜಿನ್ ಡಸ್ಟರ್‌ನಲ್ಲೂ ಇತ್ತು, ಮೈಕ್ರಾದಲ್ಲೂ ಇತ್ತು. ಹಾಗಾಗಿ ಎಂಜಿನ್ನಿನ ಸಾಮಾನಿಗೆ ಪರದಾಟ ಕಡಿಮೆ. ಮುಂದಿನ ಗ್ರಿಲ್, ಬಂಪರ್ ಮಾತ್ರ ಪಲ್ಸ್‌ಗಷ್ಟೇ ಸೇರಿದವು. ಅವಳಿ ಗಾಡಿಗಳ ಗುಟ್ಟು ಇಲ್ಲೇ ಇದೆ. ಒಳಗಿನ ಭಾಗಗಳ ಆಯಸ್ಸು ಎರಡೂ ಗಾಡಿಗಳ ಒಟ್ಟು ಮಾರಾಟದ ಮೇಲೆ ನಿಂತರೆ, ಹೊರಗಿನ ಮುಖದ್ದು ಆ ಒಂದು ಹೆಸರಿನ ಮಾರಾಟದ ಮೇಲೆ ಮಾತ್ರ.

ಇದಕ್ಕೂ ಮೊದಲು ಟಾಟಾದ ಇಂಡಿಕಾ ರೋವರ್ ಲಾಂಛನ ಹೊತ್ತು 2003ರಲ್ಲಿ ಬ್ರಿಟನ್ನಿಗೆ ಹೋಗಿತ್ತು. 2005ರಲ್ಲಿ ಎಂಜಿ ರೋವರ್ ಕಂಪನಿಯೇ ದಿವಾಳಿಯಾಯಿತು. ತಯಾರಿಸಿದ ಕಾರ್ಖಾನೆ ಪುಣೆಯಲ್ಲಿ ಗಟ್ಟಿಯಾಗಿಯೇ ಇತ್ತು. ಮುಳುಗಿದ್ದು ಮಾರಿದವರ ಹೆಸರು.

ಸುಜುಕಿ-ಟೊಯೊಟಾ ಜೋಡಿಯ ಒಪ್ಪಂದ ಪ್ರಕಟವಾದದ್ದು 2018ರಲ್ಲಿ, ಗ್ಲಾಂಝಾ ಬಂದದ್ದು 2019ರ ಜೂನ್‌ನಲ್ಲಿ. ಆಗ ಅದನ್ನು ಮಾರಿಸಿದ ದೊಡ್ಡ ಕಾರಣ ವಾರಂಟಿ. ಬಲೆನೊಗೆ 2 ವರ್ಷ ಅಥವಾ 40,000 ಕಿ.ಮೀ. ಇದ್ದರೆ ಗ್ಲಾಂಝಾಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷ ಕಿ.ಮೀ.ಗೆ ಏರಿಸಿದ್ದರಿಂದ ಆ ವ್ಯತ್ಯಾಸ ಅಳಿಸಿಹೋಯಿತು. ಸೇಲ್ಸ್‌ಮನ್ ಇನ್ನೂ ಹಳೆಯ ಲೆಕ್ಕ ಒಪ್ಪಿಸಿದರೆ ನಂಬಬೇಕಾಗಿಲ್ಲ.

ಈಗ ಕಲಘಟಗಿ ತಾಲೂಕಿನ ರಸ್ತೆಗೆ ಬರೋಣ. ಮಳೆಗಾಲದಲ್ಲಿ ಅಡ್ಡ ಬಂದ ಎಮ್ಮೆಗೆ ಗ್ಲಾಂಝಾ ಡಿಕ್ಕಿ ಹೊಡೆಯಿತು, ಬಂಪರ್ ಒಡೆಯಿತು, ಗ್ರಿಲ್ ಹೋಯಿತು, ರೇಡಿಯೇಟರ್ ಸೋರತೊಡಗಿತು ಎಂದುಕೊಳ್ಳಿ. ರೇಡಿಯೇಟರ್ ಬಲೆನೊದ್ದೇ; ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ಮಾರುತಿ ಡಬ್ಬಿಯಲ್ಲಿ ಕೇಳಬಹುದು. ಗ್ರಿಲ್ ಮತ್ತು ಬಂಪರ್ ಟೊಯೊಟಾದಿಂದಲೇ ಬರಬೇಕು. ಅಲ್ಲಿ ಸ್ಟಾಕ್ ಇಲ್ಲದಿದ್ದರೆ, ಮೆಕ್ಯಾನಿಕ್ ಎಷ್ಟೇ ಚುರುಕಾಗಿದ್ದರೂ ಗಾಡಿ ಗ್ಯಾರೇಜಿನಲ್ಲೇ. ವಾರಂಟಿ ಮುಗಿಯದ ಗಾಡಿಗೆ ಹೊರಗಿನ ಅಂಗಡಿಯ ಸಾಮಾನು ಹಾಕಿಸಿದರೆ ಮುಂದೆ ಕ್ಲೇಮಿನ ಸಮಯದಲ್ಲಿ ತಕರಾರು ಬರಬಹುದು, ಭಾಗ ಅದೇ ಆಗಿದ್ದರೂ.

ಆದ್ದರಿಂದ ಬುಕಿಂಗ್ ಮೊದಲು ಮಾಡಬೇಕಾದ ಕೆಲಸ ಸೇಲ್ಸ್ ಟೇಬಲ್ಲಿನದ್ದಲ್ಲ. ಎರಡೂ ವರ್ಕ್‌ಶಾಪಿನ ಬಿಡಿಭಾಗದ ಕೌಂಟರ್‌ಗೆ ಹೋಗಿ ಮುಂದಿನ ಬಂಪರ್, ಎಡಗಡೆ ಹೆಡ್‌ಲೈಟ್, ಗ್ರಿಲ್ ಈ ಮೂರರ ಬೆಲೆಯನ್ನೂ ಬರಲು ಬೇಕಾಗುವ ದಿನಗಳನ್ನೂ ಕೇಳಬೇಕು. ಮಾರುತಿಗೆ ದೇಶದಲ್ಲಿ 5,000ಕ್ಕೂ ಹೆಚ್ಚು ಸರ್ವೀಸ್ ಕೇಂದ್ರಗಳಿವೆ, ಟೊಯೊಟಾದವು ಅದಕ್ಕಿಂತ ಬಹಳ ಕಡಿಮೆ. ಆದರೆ ಕೊಳ್ಳುವವರಿಗೆ ದೇಶದ ಲೆಕ್ಕಕ್ಕಿಂತ ಹುಬ್ಬಳ್ಳಿ, ಧಾರವಾಡದ ಲೆಕ್ಕ ಮುಖ್ಯ. ಹತ್ತಿರದ ಒಂದೇ ವರ್ಕ್‌ಶಾಪ್ ಚೆನ್ನಾಗಿದ್ದರೂ, ಅದರೊಂದಿಗೆ ಜಗಳವಾದರೆ ಎರಡನೆಯದು ಎಲ್ಲಿದೆ ಎಂದೂ ನೋಡಬೇಕು. ಸಾಧಾರಣ ಪೆಟ್ರೋಲ್ ಗಾಡಿಯಾದರೆ ಗ್ರಾಮೀಣ ಧಾರವಾಡದವರಿಗೆ ಬಲೆನೊ ಕಡೆಗೇ ತಕ್ಕಡಿ ಜಗ್ಗುತ್ತದೆ.

ಬಿಡದಿಯ ಜೋಡಿಯಲ್ಲಿ ಲೆಕ್ಕ ಬೇರೆ. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ 2022ರಲ್ಲಿ ಟೊಯೊಟಾದ ಬಿಡದಿ ಕಾರ್ಖಾನೆಯಿಂದಲೇ ಹೊರಬಂದವು. ಇವುಗಳ ಮೈಲ್ಡ್ ಹೈಬ್ರಿಡ್ ಎಂಜಿನ್ ಸುಜುಕಿಯದು, ಬ್ಯಾಟರಿಯಲ್ಲೇ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಟೊಯೊಟಾದ್ದು. ಮೊದಲನೆಯದಕ್ಕೆ ಊರೂರಿನ ಮಾರುತಿ ಮೆಕ್ಯಾನಿಕ್ ಕೈ ಹಾಕಬಲ್ಲ. ಎರಡನೆಯದರ ಹೈವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದವರೇ ಬೇಕು. ಅಂಥವರು ಖಾಯಂ ಇರುತ್ತಾರೋ, ಬೇರೆ ಊರಿನಿಂದ ಕರೆಸಬೇಕೋ ಎಂದು ಹುಬ್ಬಳ್ಳಿಯ ಎರಡೂ ಕಡೆ ಕೇಳದೆ ಸ್ಟ್ರಾಂಗ್ ಹೈಬ್ರಿಡ್ ಬುಕ್ ಮಾಡಬಾರದು.

ದೋಷ ಬಂದಾಗಲೂ ಅವಳಿಗಳು ಜೊತೆಗೇ ಮಲಗುತ್ತವೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷಿಸಲು ಮಾರುತಿ 17,362 ಗಾಡಿಗಳನ್ನು ವಾಪಸ್ ಕರೆಯಿತು. ಬಲೆನೊ, ಗ್ರ್ಯಾಂಡ್ ವಿಟಾರಾ ಅದರಲ್ಲಿದ್ದವು. ಅದರ ಬೆನ್ನಿಗೇ ಟೊಯೊಟಾ 1,390 ಗ್ಲಾಂಝಾ, ಹೈರೈಡರ್‌ಗಳನ್ನು ಕರೆಯಿತು. ಗ್ಲಾಂಝಾ ಮಾಲೀಕರಿಗೆ ಕರೆ ಬರುವುದು ಟೊಯೊಟಾದಿಂದ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಕೊಂಡವರು ತಮ್ಮ ಮೊಬೈಲ್ ನಂಬರನ್ನು ಅದೇ ಕಂಪನಿಯ ವರ್ಕ್‌ಶಾಪಿನಲ್ಲಿ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಕರೆ ಹಳೆಯ ಮಾಲೀಕರಿಗೇ ಹೋಗುತ್ತದೆ.