ಜೋಗುಳದ ಧಾಟಿ: ತೊಟ್ಟಿಲ ಹಗ್ಗದಿಂದ ಪ್ರಯೋಗಶಾಲೆಯವರೆಗೆ

ಕನ್ನಡದಲ್ಲಿ ಜೋಗುಳವನ್ನು ಕುರಿತು ಬರೆದವರು ಬಹುಮಟ್ಟಿಗೆ ಅದರ ಮಾತನ್ನು ಕುರಿತೇ ಬರೆದಿರುವರು. ತಾಯಿಯ ಹರಕೆ, ತವರಿನ ನೆನಪು, ತೊಟ್ಟಿಲ ಬಣ್ಣನೆ ಇವುಗಳ ರಸವನ್ನು ವಿವೇಚಿಸಿ ತೃಪ್ತರಾಗಿರುವರು. ಆದರೆ ಹುಟ್ಟಿ ಹತ್ತು ಹನ್ನೆರಡು ದಿನವಾದ ಶಿಶುವಿಗೆ ಆ ಮಾತುಗಳಲ್ಲಿ ಒಂದೂ ತಿಳಿಯದು. ಅದನ್ನು ಮುಟ್ಟುವುದು ಧಾಟಿ: ನಾಲ್ಕೈದು ಸ್ವರಗಳ ಆಚೆಗೆ ಹೋಗದ, ವಿಳಂಬ ಗತಿಯ, ಹೇಳಿದ ಸಾಲನ್ನೇ ಮತ್ತೆ ಹೇಳುವ ಧಾಟಿ. ಅದು ಮನೆಯ ತೊಲೆಯಿಂದ ಹೊರಟು ದೇವರ ಉಯ್ಯಾಲೆ, ಕಚೇರಿಯ ವೇದಿಕೆ, ಅಚ್ಚಿನ ಪುಸ್ತಕ, ವಿಜ್ಞಾನಿಯ ಪ್ರಯೋಗಶಾಲೆಗಳನ್ನು ಹಾದು ಬಂದ ಬಗೆಯನ್ನು ಇಲ್ಲಿ ಹಿಂಬಾಲಿಸಿ ನೋಡಬಹುದು.

ಮೊದಲು ಹಗ್ಗದ ವಿಚಾರ. ಜೋಗುಳದ ಕಾಲವನ್ನು ಹಾಡುವವಳು ಗೊತ್ತುಮಾಡುತ್ತಾಳೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅದನ್ನು ಗೊತ್ತುಮಾಡುವುದು ತೊಟ್ಟಿಲು ತೂಗುಬಿದ್ದ ಹಗ್ಗದ ಉದ್ದ. ತೊಲೆಯಿಂದ ಕೂಸಿನ ಮೈವರೆಗೆ ಎರಡು ಮೀಟರು ಅಂತರವಿದ್ದರೆ ತೊಟ್ಟಿಲು ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಹಿಡಿಯುತ್ತದೆ. ಒಂದೇ ಮೀಟರಿದ್ದರೆ ಎರಡು ಸೆಕೆಂಡು. ಮಗುವಿನ ತೂಕ ಹೆಚ್ಚಿದರೂ ಈ ಲೆಕ್ಕ ಕೆಡದು. ಮೆಲ್ಲಗೆ ತೂಗಿದರೂ ಸ್ವಲ್ಪ ಬೀಸಾಗಿ ತೂಗಿದರೂ ಹೆಚ್ಚುಕಡಿಮೆಯಾಗುವುದು ಅತ್ಯಲ್ಪ. ಆದುದರಿಂದ ಹೋಗುವಾಗ ಒಂದು ‘ಜೋ’, ಬರುವಾಗ ಒಂದು ‘ಜೋ’ ಎಂದು ಹಾಡುವ ಹೆಂಗಸು ತಾನರಿಯದೆಯೇ ಲೋಲಕದ ನಿಯಮಕ್ಕೆ ತಲೆಬಾಗಿರುತ್ತಾಳೆ. ಅವಸರಪಟ್ಟು ಹಾಡನ್ನು ಮುಂದಕ್ಕೆಳೆದರೆ ಕೈಯೂ ಅದರ ಹಿಂದೆ ಓಡುತ್ತದೆ, ತೊಟ್ಟಿಲು ತನ್ನ ಸಹಜವಾದ ತೂಗನ್ನು ಬಿಟ್ಟು ಜಗ್ಗುತ್ತದೆ, ಅರೆಗಣ್ಣಾಗಿದ್ದ ಕೂಸು ಬೆಚ್ಚಿ ಕೈಕಾಲು ಹರಡುತ್ತದೆ.

ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿ ಹಾಡುತ್ತಿದ್ದುದು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ, ಎಂದರೆ ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ, ಕನ್ನಡಕ್ಕೆ ಪರಿಚಿತವಾದ ಈ ಮೂರು ಸಾಲಿನ ಪದ್ಯವನ್ನು ಹಾಡಿಗಿಳಿಸುವಾಗ ಎರಡನೆಯ ಸಾಲನ್ನೋ ಅದರ ಭಾಗವನ್ನೋ ಮತ್ತೆ ಎತ್ತಿಕೊಳ್ಳುವ ವಾಡಿಕೆಯುಂಟು. ಆಕೆಯ ಹಾಡಿನಲ್ಲಿ ಒಂದು ಸಾಲಿಗೆ ಎರಡು ತೂಗು, ಎಂದರೆ ಐದೂವರೆ ಸೆಕೆಂಡು, ಒಂದು ಉಸಿರು. ಮರಳಿ ಹೇಳಿದ ಸಾಲೂ ಕೊನೆಯ ‘ಜೋ ಜೋ’ಗಳೂ ಸೇರಿ ಒಂದು ಪದಕ್ಕೆ ಅರ್ಧ ನಿಮಿಷ. ಧಾಟಿ ಗಾಂಧಾರದಲ್ಲಿ ಹುಟ್ಟಿ, ಮಧ್ಯಮವನ್ನೊಮ್ಮೆ ತಾಗಿ, ರಿಷಭದ ಮೂಲಕ ಷಡ್ಜಕ್ಕೆ ಇಳಿಯುತ್ತಿತ್ತು. ಇಷ್ಟೇ ಅದರ ಆಸ್ತಿ. ಮಗು ಮಂಪರಾಗುತ್ತಿದ್ದಂತೆ ಮೊದಲು ಮಾತು ಉದುರಿ ‘ಜೋ’ ಒಂದೇ ನಿಲ್ಲುವುದು. ಬಳಿಕ ತುಟಿ ಮುಚ್ಚಿ ಗುಂಯ್ ಎನ್ನುವ ನಾದ ಮಾತ್ರ. ಕೂಸಿನ ಮುಷ್ಟಿ ಸಡಿಲಿ ಎತ್ತಿದ ಕೈ ತಾನಾಗಿ ಕೆಳಗೆ ಬಿದ್ದರೆ ಅದೂ ನಿಲ್ಲುವುದು. ಹಾಡನ್ನು ಥಟ್ಟನೆ ನಿಲ್ಲಿಸಿದರೆ ಕೂಸು ಏಳುವುದೆಂಬುದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈ ನಟ್ಟಿರುಳ ಜೋಗುಳಕ್ಕೂ ತೊಟ್ಟಿಲ ಶಾಸ್ತ್ರದ ಹಾಡಿಗೂ ಭೇದವುಂಟು. ನಾಮಕರಣದ ದಿನ ಮೊದಲು ಗುಂಡುಕಲ್ಲನ್ನು ಸಿಂಗರಿಸಿ ತೊಟ್ಟಿಲಲ್ಲಿಟ್ಟು ತೂಗುವ ಮನೆಗಳುಂಟಷ್ಟೆ. ಆ ಕಲ್ಲು ನಿದ್ರೆಮಾಡಬೇಕಾದ ಅಗತ್ಯವಿಲ್ಲ! ಅಲ್ಲಿ ಹಾಡು ನೆರೆದ ಮುತ್ತೈದೆಯರಿಗಾಗಿ. ಪುರಂದರದಾಸರು (1484–1564) ಮೊದಲಾದ ಹರಿದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವ ಕೃಷ್ಣನ ಜೋಗುಳಗಳು ಈ ಸಂದರ್ಭಕ್ಕೆ ಹೇಳಿ ಮಾಡಿಸಿದಂತೆ ಒಪ್ಪುವುವು. ತಮಿಳುನಾಡಿನಲ್ಲಿ ಪೆರಿಯಾಳ್ವಾರರು ಅವರಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಕೃಷ್ಣನನ್ನು ತೊಟ್ಟಿಲಿಗೆ ಹಾಕಿ ಹಾಡಿದ್ದರು. ತೂಗುವುದು ಜಗತ್ತನ್ನೇ ತೂಗುವವನನ್ನು ಎಂಬ ಚಮತ್ಕಾರದಿಂದ ಜೋಗುಳದ ಮಾತು ಹಿಗ್ಗಿತು, ಅವತಾರಗಳ ವರ್ಣನೆಯಿಂದ ಚರಣಗಳು ಬೆಳೆದುವು. ಆದರೂ ಪಲ್ಲವಿಯ ‘ಜೋ ಜೋ’ ಅಲುಗಲಿಲ್ಲವಾದ ಕಾರಣ ಧಾಟಿ ಇನ್ನೂ ಮನೆಯದಾಗಿಯೇ ಉಳಿಯಿತು.

ಕರ್ಣಾಟಕ ಸಂಗೀತವು ಈ ಧಾಟಿಗೆ ರಾಗದ ಹೆಸರಿಟ್ಟಾಗಲೂ ಸಂಕೋಚಗುಣವನ್ನು ಗೌರವಿಸಿತೆಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ನವರೋಜು ಮಂದ್ರ ಪಂಚಮದಿಂದ ಹೊರಟು ಮಧ್ಯ ಪಂಚಮದಲ್ಲಿ ನಿಂತುಬಿಡುತ್ತದೆ. ಕುರಿಂಜಿ ಮಂದ್ರ ನಿಷಾದದಿಂದ ಮಧ್ಯ ಧೈವತದವರೆಗೆ. ಎರಡೂ ಶಂಕರಾಭರಣದ ಮಕ್ಕಳು. ಎರಡೂ ತಾರಷಡ್ಜವನ್ನು ಮುಟ್ಟವು. ಒಟ್ಟು ವ್ಯಾಪ್ತಿ ಅಜ್ಜಿಯ ಧಾಟಿಗಿಂತ ಹಿರಿದಾದರೂ ನವರೋಜಿನಲ್ಲಿ ಬೆಳೆದ ಭಾಗ ಮುಖ್ಯವಾಗಿ ಕೆಳಕ್ಕೆ. ಪಿಸುದನಿಯಲ್ಲಿ ಹಾಡುವವಳು ಎಲ್ಲಿಯೂ ಕೊರಳೆತ್ತಬೇಕಾಗಿಲ್ಲ. ತಾಳ್ಳಪಾಕ ಅನ್ನಮಾಚಾರ್ಯರ ತೆಲುಗು ಜೋಗುಳ ನವರೋಜಿನಲ್ಲಿ ಕೇಳಿಬರುತ್ತದೆ. ತಿರುವಾಂಕೂರಿನಲ್ಲಿ 1813ರಲ್ಲಿ ಹುಟ್ಟಿದ ಶಿಶು ಸ್ವಾತಿ ತಿರುನಾಳರಿಗಾಗಿ ಇರಯಿಮ್ಮನ್ ತಂಪಿಯವರು ಮಲಯಾಳದಲ್ಲಿ ಕಟ್ಟಿದ ಪ್ರಸಿದ್ಧ ಹಾಡು ಕುರಿಂಜಿಯದೆಂದು ಹೆಸರಾಗಿದ್ದು ಈಗ ನವರೋಜಿನಲ್ಲಿಯೂ ಬಳಕೆಯಲ್ಲಿದೆ. ಅದರ ಸಾಹಿತ್ಯದಲ್ಲಿ ನಿದ್ರೆ ಎಂಬರ್ಥದ ಮಾತೇ ಇಲ್ಲ, ಉಪಮಾನಗಳ ಪ್ರಶ್ನೆಗಳ ಸರಪಣಿಯೊಂದೇ. ಮಲಗಿಸುವ ಕೆಲಸವನ್ನು ಸಂಪೂರ್ಣವಾಗಿ ಧಾಟಿಗೆ ಒಪ್ಪಿಸಲಾಗಿದೆ. ನೀಲಾಂಬರಿಯ ವಿಷಯ ಬೇರೆ. ನಿದ್ರೆಯ ರಾಗವೆಂದು ಅದಕ್ಕಿರುವ ಕೀರ್ತಿ ಅದರ ಜೋಕಾಲಿಯಂತಹ ಗಮಕಗಳಿಂದ ಬಂದುದು. ಆದರೆ ಅದು ತಾರಸ್ಥಾಯಿಗೂ ಹತ್ತುವುದರಿಂದ ಅದನ್ನು ಕಚೇರಿಯಲ್ಲಿ ಕೇಳಿ ತೂಕಡಿಸುವುದು ದೊಡ್ಡವರೇ ಹೊರತು ಕೂಸುಗಳಲ್ಲವೆಂದು ನನ್ನ ಅಭಿಪ್ರಾಯ.

ಅಚ್ಚಿನ ಯುಗ ಬಂದಾಗ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆ ಉಪಕಾರಕ್ಕೆ ಕನ್ನಡವು ಎಂದೆಂದಿಗೂ ಋಣಿ. ಆದರೂ ಆ ಪುಸ್ತಕವೂ ಅದನ್ನನುಸರಿಸಿ ಬಂದ ಅನೇಕ ಸಂಕಲನಗಳೂ ಕಾಪಾಡಿಕೊಟ್ಟುದು ಮಾತನ್ನು. ಸ್ವರ ಹಾಡುವವಳ ಜೊತೆಯಲ್ಲಿಯೇ ಉಳಿದು ಅವಳ ಜೊತೆಯಲ್ಲಿಯೇ ಹೋಯಿತು. ಅನಂತರದ ಚಲನಚಿತ್ರವು ಜೋಗುಳಕ್ಕೆ ವಾದ್ಯವೃಂದವನ್ನೂ ಎತ್ತರದ ಚರಣವನ್ನೂ ಸೇರಿಸಿತು. ಅವುಗಳಲ್ಲಿ ಚೆಲುವಾದವು ಇಲ್ಲವೆಂದಲ್ಲ. ಬಾಣಂತಿ ನಡುರಾತ್ರಿ ಪಕ್ಕದವರನ್ನು ಎಬ್ಬಿಸದೆ ಆ ಚರಣವನ್ನು ಹಾಡಬಲ್ಲಳೆ ಎಂಬ ಪರೀಕ್ಷೆಯಲ್ಲಿ ಬಹಳಷ್ಟು ಸೋಲುತ್ತವೆ.

ಅಚ್ಚು ಬಿಟ್ಟ ಧಾಟಿಯನ್ನು ಮತ್ತೆ ಕೈಗೆತ್ತಿಕೊಂಡವರು ಮನಶ್ಶಾಸ್ತ್ರಜ್ಞರು. ಕೆನಡದ ಟೊರೊಂಟೊದಲ್ಲಿ ಸಾಂಡ್ರಾ ಟ್ರೆಹಬ್ ಮತ್ತು ಸಹೋದ್ಯೋಗಿಗಳು ಬೇರೆ ಬೇರೆ ದೇಶಗಳ ಜೋಗುಳವೊಂದನ್ನೂ ಅದೇ ನಾಡಿನ ಅದೇ ಗತಿಯ ಇನ್ನೊಂದು ಹಾಡನ್ನೂ ಜೊತೆಯಾಗಿ ಕೇಳಿಸಿ, ಭಾಷೆಯರಿಯದವರೂ ಜೋಗುಳವನ್ನು ಗುರುತಿಸಬಲ್ಲರೆಂದು 1993ರಲ್ಲಿ ತೋರಿಸಿದರು. 2018ರಲ್ಲಿ ಹಾರ್ವರ್ಡಿನ ಸ್ಯಾಮ್ಯುಯೆಲ್ ಮೆಹ್ರ್ ಮೊದಲಾದವರು 86 ಸಣ್ಣ ಸಮಾಜಗಳ ಹಾಡುಗಳ 14 ಸೆಕೆಂಡಿನ ತುಣುಕುಗಳನ್ನು 60 ದೇಶಗಳ ಕೇಳುಗರ ಮುಂದಿಟ್ಟಾಗಲೂ ಜೋಗುಳ ತನ್ನ ಗುರುತನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಅದೇ ಬಳಗದವರು ಅಮೆರಿಕದ ಶಿಶುಗಳಿಗೆ ಪರಭಾಷೆಯ ಹಾಡುಗಳನ್ನು ಕೇಳಿಸಿ ನೋಡಲು, ಜೋಗುಳ ಕೇಳುವಾಗ ಅವುಗಳ ಹೃದಯದ ಬಡಿತ ಇತರ ಹಾಡುಗಳನ್ನು ಕೇಳುವಾಗಿನದಕ್ಕಿಂತ ನಿಧಾನವಾಗಿತ್ತು. ಪ್ರಯೋಗಗಳು ಧ್ವನಿಮುದ್ರಿಕೆಯಿಂದ ನಡೆದುವು; ಹಗ್ಗ, ತೊಟ್ಟಿಲು, ಅಜ್ಜಿಯ ಕೈ ಇವುಗಳ ಪಾಲೆಷ್ಟೆಂಬುದು ಆ ಲೆಕ್ಕದೊಳಗೆ ಬಂದಿಲ್ಲ.

ಆದಕಾರಣ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಹಳೆಯ ಜೋಗುಳವನ್ನು ಬಲ್ಲ ಹಿರಿಯರಿದ್ದರೆ ಅವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ ಹಾಡಿಸದೆ, ಕೂಸನ್ನು ತೂಗುತ್ತಿರುವಾಗಲೇ ಹಾಡನ್ನು ಮೊಬೈಲಿನಲ್ಲಿ ಹಿಡಿದಿಡಿರಿ. ಹಗ್ಗದ ಉದ್ದವನ್ನು ಅಳೆದು, ಹತ್ತು ತೂಗಿಗೆ ಎಷ್ಟು ಸೆಕೆಂಡಾಯಿತೆಂದು ಎಣಿಸಿ, ಹಾಡಿನ ಜೊತೆಗೆ ಬರೆದಿಡಿರಿ. ಕೂಸು ಮಲಗಿತೆಂದು ಯಂತ್ರವನ್ನು ಬೇಗನೆ ನಿಲ್ಲಿಸದೆ, ಮಾತು ಉದುರಿದ ಮೇಲಿನ ಆ ಗುಂಯ್ ಎಂಬ ನಾದ ಮುಗಿಯುವವರೆಗೆ ಕಾದಿರಿ.